ಹಾವು ಕಡಿತದ ಹಳೆಯ ಕೇಸ್ ಶೀಟ್‌ಗಳ ಅಧ್ಯಯನ: ನೈತಿಕ ಸಮಿತಿಗೆ ಮುಖಪತ್ರ

ದಿನಾಂಕ: 12 ಮಾರ್ಚ್ 2025

ಇವರಿಂದ: ಪ್ರಧಾನ ಸಂಶೋಧಕಿ ಹಾಗೂ ಸಹ ಪ್ರಾಧ್ಯಾಪಕಿ, ಜನರಲ್ ಮೆಡಿಸಿನ್ ವಿಭಾಗ

ಇವರಿಗೆ: ಸದಸ್ಯ ಕಾರ್ಯದರ್ಶಿಗಳು, ಸಾಂಸ್ಥಿಕ ನೈತಿಕ ಸಮಿತಿ

ವಿಷಯ: ಹಾವು ಕಡಿತದ ರೋಗಿಗಳಲ್ಲಿ ಪ್ರತಿವಿಷ ಸಿಗಲು ಆದ ತಡ ಮತ್ತು ಮೂತ್ರಪಿಂಡದ ಹಾನಿ. 2019ರಿಂದ 2023ರವರೆಗಿನ ಕೇಸ್ ಶೀಟ್‌ಗಳ ಪರಿಶೀಲನೆಗೆ ಅನುಮತಿ ಮತ್ತು ಸಮ್ಮತಿ ಪಡೆಯುವುದರಿಂದ ವಿನಾಯಿತಿ ಕೋರಿ.

ಮಾನ್ಯರೇ,

ಮಲೆನಾಡಿನ ನಮ್ಮ ಆಸ್ಪತ್ರೆಗೆ ಅಡಿಕೆ ತೋಟ, ಗದ್ದೆ, ಸೌದೆ ರಾಶಿಗಳಿಂದ ಹಾವು ಕಡಿಸಿಕೊಂಡು ಬರುವವರಲ್ಲಿ ಡಯಾಲಿಸಿಸ್‌ವರೆಗೆ ಹೋಗುವವರು ಬಹುಪಾಲು ಕೊಳಕುಮಂಡಲ ಕಡಿದವರು ಎಂಬುದು ವಾರ್ಡಿನಲ್ಲಿ ಓಡಾಡುವ ಎಲ್ಲರ ಅನಿಸಿಕೆ. ಕಡಿತದಿಂದ ಮೊದಲ ವಯಲ್ ಪ್ರತಿವಿಷ ಸಿಗುವವರೆಗೆ ಎಷ್ಟು ಗಂಟೆ ಹೋಯಿತು, ಆ ಗಂಟೆಗಳು ದಾರಿಯಲ್ಲಿ ಕಳೆದವೋ, ನಾಟಿ ಔಷಧಿಯವರ ಅಂಗಳದಲ್ಲೋ, ನಮ್ಮದೇ ಕ್ಯಾಶುಯಾಲ್ಟಿಯಲ್ಲೋ ಎಂದು ಕೇಳಿದರೆ ಉತ್ತರ ಯಾರ ಬಳಿಯೂ ಇಲ್ಲ. ರಾಜ್ಯ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆ ಎಂದು ಘೋಷಿಸಿದ್ದು 2024ರಲ್ಲಿ. ಅದಕ್ಕೂ ಹಿಂದಿನ ವಿವರ ಇರುವುದು ಕೇಸ್ ಶೀಟ್‌ಗಳಲ್ಲಿ. "ರಾತ್ರಿ 9.40ಕ್ಕೆ ದಾಖಲು, 20 ನಿಮಿಷದ ರಕ್ತ ಪರೀಕ್ಷೆ: ಹೆಪ್ಪುಗಟ್ಟಿಲ್ಲ, 10 ವಯಲ್ ಶುರು" ಎಂಬ ತರಹದ, ಅವಸರದಲ್ಲಿ ಗೀಚಿದ ಸಾಲುಗಳೇ ನಮ್ಮ ದತ್ತಾಂಶ.

ಮೆಡಿಕಲ್ ರೆಕಾರ್ಡ್ಸ್ ವಿಭಾಗದವರು T63.0 ಕೋಡಿನ ಮೇಲೆ ಎಣಿಸಿ ಕೊಟ್ಟ ಸಂಖ್ಯೆ 412. ಆ ಎಣಿಕೆಯ ಹೊರತು ನಮ್ಮ ತಂಡದವರು ಈ ಅಧ್ಯಯನಕ್ಕಾಗಿ ಒಂದು ಕೇಸ್ ಶೀಟನ್ನೂ ತೆರೆದು ನೋಡಿಲ್ಲ. ತಮ್ಮ ಲಿಖಿತ ಅನುಮತಿ ಕೈಗೆ ಬರುವವರೆಗೆ ತೆರೆಯುವುದೂ ಇಲ್ಲ.

ಸಮ್ಮತಿಯ ವಿನಾಯಿತಿ ಏಕೆ

ಐಸಿಎಂಆರ್‌ನ 2017ರ ರಾಷ್ಟ್ರೀಯ ನೈತಿಕ ಮಾರ್ಗಸೂಚಿಯು, ಗುರುತು ತೆಗೆದುಹಾಕಿದ ಅಥವಾ ಸಂಪರ್ಕಿಸಲಾಗದ ರೋಗಿಗಳ ಹಿನ್ನೋಟದ ಅಧ್ಯಯನಗಳಿಗೆ ಸಮ್ಮತಿಯಿಂದ ವಿನಾಯಿತಿ ಕೊಡುವ ಅಧಿಕಾರವನ್ನು ಸಮಿತಿಗೆ ನೀಡಿದೆ. ಆದರೆ "ಹಳೆಯ ದಾಖಲೆ ತಾನೇ" ಎಂಬ ಒಂದೇ ಕಾರಣಕ್ಕೆ ವಿನಾಯಿತಿ ಕೇಳುವುದು ಸರಿಯಲ್ಲ ಎಂದು ನಾನು ನಂಬಿದ್ದೇನೆ. ನನ್ನ ಕಾರಣಗಳು ಬೇರೆ.

ಹಾವು ಕಡಿದವರನ್ನು ಆಸ್ಪತ್ರೆಗೆ ತರುವವರು ಸಿಕ್ಕವರು: ಪಕ್ಕದ ತೋಟದವರು, ಜೀಪಿನ ಚಾಲಕ, 108ರ ಸಿಬ್ಬಂದಿ. ದಾಖಲಾತಿ ಹಾಳೆಯಲ್ಲಿ ಬರೆಸುವ ಫೋನ್ ನಂಬರ್ ಅನೇಕ ಸಲ ಅವರದೇ. ವರ್ಷಗಳ ನಂತರ ಆ ನಂಬರಿಗೆ ಕರೆ ಮಾಡಿ "ಇಂಥವರಿಗೆ ಹಾವು ಕಡಿದಿತ್ತಲ್ಲ" ಎಂದು ಕೇಳಿದರೆ, ರೋಗಿಯ ಗುಟ್ಟನ್ನು ಮೂರನೆಯವರ ಮುಂದೆ ಮೊದಲು ಬಯಲು ಮಾಡಿದವರು ನಾವೇ ಆಗುತ್ತೇವೆ. ಕೂಲಿಗೆಂದು ಬೇರೆ ಜಿಲ್ಲೆಗಳಿಂದ ಕೊಯ್ಲಿನ ಕಾಲಕ್ಕೆ ಬಂದು ಹೋದವರನ್ನು ಹುಡುಕುವುದಂತೂ ಆಗದ ಮಾತು.

ಇದಕ್ಕಿಂತ ದೊಡ್ಡ ತೊಡಕು ತೀರಿಕೊಂಡವರದ್ದು. ಈ ಅಧ್ಯಯನಕ್ಕೆ ಅತಿ ಮುಖ್ಯವಾದ ಕೇಸ್ ಶೀಟ್‌ಗಳು ಅವರವೇ; ತಡವಾಗಿ ಬಂದವರ ಕಥೆ ಇರುವುದು ಅಲ್ಲಿ. ಸಮ್ಮತಿ ಕೊಟ್ಟವರನ್ನಷ್ಟೇ ಸೇರಿಸಿಕೊಂಡರೆ ಹತ್ತಿರದ ಊರಿನವರು, ಬದುಕಿದವರು, ಫೋನ್ ಬದಲಿಸದವರು ಮಾತ್ರ ಉಳಿಯುತ್ತಾರೆ. ತಡಕ್ಕೂ ಹಾನಿಗೂ ಇರುವ ನಂಟು ಇರುವುದಕ್ಕಿಂತ ಕಡಿಮೆಯಾಗಿ ಕಾಣುತ್ತದೆ. ಮಗನನ್ನು ಕಳೆದುಕೊಂಡ ತಾಯಿಯ ಮನೆಗೆ ಸಹಿ ಕೇಳಿಕೊಂಡು ಹೋಗುವುದು, ಕಾಗದ ಓದುವುದಕ್ಕಿಂತ ಹೆಚ್ಚು ನೋವು ಕೊಡುತ್ತದೆ.

ಚಿಕಿತ್ಸೆ ಮುಗಿದಿದೆ, ಯಾರ ಮೈಯನ್ನೂ ಮುಟ್ಟುವುದಿಲ್ಲ, ರಕ್ತ ತೆಗೆಯುವುದಿಲ್ಲ, ಮತ್ತೆ ಕರೆಸುವುದಿಲ್ಲ. ಉಳಿಯುವ ಅಪಾಯ ಒಂದೇ, ಮಾಹಿತಿ ಸೋರುವುದು. ದಾಖಲಾತಿಯ ಸಾಮಾನ್ಯ ಸಮ್ಮತಿ ಪತ್ರದಲ್ಲಿ "ಬೋಧನೆಗೆ ಬಳಸಬಹುದು" ಎಂಬ ಸಾಲಿದೆ. ನೋವಿನಲ್ಲಿ ಹೆಬ್ಬೆಟ್ಟು ಒತ್ತಿದ ಆ ಸಾಲನ್ನು ಸಂಶೋಧನೆಗೆ ಕೊಟ್ಟ ಸಮ್ಮತಿ ಎಂದು ನಾನು ತೋರಿಸಿಕೊಳ್ಳುವುದಿಲ್ಲ.

ಬದಲಾಗಿ, ಮೆಡಿಸಿನ್ ಹೊರರೋಗಿ ವಿಭಾಗ ಮತ್ತು ಡಯಾಲಿಸಿಸ್ ಘಟಕದ ಬಾಗಿಲಲ್ಲಿ ಕನ್ನಡದಲ್ಲಿ ಸೂಚನಾ ಫಲಕ ಹಾಕುತ್ತೇವೆ. ತಮ್ಮ ಕೇಸ್ ಶೀಟ್ ಬೇಡ ಎನ್ನುವವರು ರೆಕಾರ್ಡ್ ರೂಮಿನಲ್ಲಿ ಬಾಯಿಮಾತಿನಲ್ಲಿ ಹೇಳಿದರೂ ಸಾಕು, ಕಾರಣ ಕೇಳದೆ ಕೈಬಿಡುತ್ತೇವೆ.

ಮಾಹಿತಿಯ ರಕ್ಷಣೆ

ಹೆಸರು ಅಳಿಸಿದ ಮಾತ್ರಕ್ಕೆ ಗುರುತು ಅಳಿಸುವುದಿಲ್ಲ. "9 ವರ್ಷದ ಹುಡುಗಿ, ಇಂಥ ಹಳ್ಳಿ, ಜುಲೈ 14" ಎಂದಿದ್ದರೆ ಸ್ಥಳೀಯ ಪತ್ರಿಕೆಯ ಹಳೆಯ ಸುದ್ದಿ ತೆಗೆದು ಯಾರು ಬೇಕಾದರೂ ಪತ್ತೆಹಚ್ಚಬಹುದು. ಹಾಗಾಗಿ ಹಳ್ಳಿಯ ಬದಲು ತಾಲ್ಲೂಕು, ದಿನಾಂಕದ ಬದಲು ತಿಂಗಳು, ಗಡಿಯಾರದ ಹೊತ್ತಿನ ಬದಲು ಕಡಿತದಿಂದ ಕಳೆದ ಗಂಟೆ, ವಯಸ್ಸಿನ ಬದಲು ಐದು ವರ್ಷದ ಗುಂಪು ಮಾತ್ರ ದಾಖಲಿಸುತ್ತೇವೆ. ಯಾವುದೇ ಕೋಷ್ಟಕದಲ್ಲಿ ಐದಕ್ಕಿಂತ ಕಡಿಮೆ ಜನರಿರುವ ಚೌಕದ ಸಂಖ್ಯೆಯನ್ನು ಪ್ರಕಟಿಸುವುದಿಲ್ಲ.

ಕೆಲವನ್ನು ಬರೆದುಕೊಳ್ಳುವುದೇ ಇಲ್ಲ. ಹಾವು ಕಡಿತದ ಕೇಸುಗಳು ಎಂಎಲ್‌ಸಿ ಆಗಿ ದಾಖಲಾಗಿರುತ್ತವೆ. ಎಲ್ಲಿ, ಯಾರ ಜೊತೆ, ಯಾವ ಹೊತ್ತಿನಲ್ಲಿ ಎಂಬ ನಿರೂಪಣೆಯಲ್ಲಿ ಮನೆಯವರಿಗೂ ಗೊತ್ತಿರದ ಸಂಗತಿ ಇರಬಹುದು. ಆ ನಿರೂಪಣೆಯನ್ನು ನಕಲು ಮಾಡುವುದಿಲ್ಲ. ಡಯಾಲಿಸಿಸ್‌ಗೆ ಮುನ್ನ ಮಾಡಿದ ಎಚ್‌ಐವಿ ಪರೀಕ್ಷೆಯ ಫಲಿತಾಂಶವೂ ಅದೇ ಕಡತದಲ್ಲಿರುತ್ತದೆ. ನಮ್ಮ ಪ್ರಶ್ನೆಗೆ ಅದು ಬೇಕಿಲ್ಲ, 2017ರ ಎಚ್‌ಐವಿ ಕಾಯ್ದೆಯ ಗೋಪ್ಯತೆಯ ಕಟ್ಟುಪಾಡೂ ಇದೆ. ಹಾಗಾಗಿ ನಮೂನೆಯಲ್ಲಿ ಅದಕ್ಕೆ ಅಂಕಣವನ್ನೇ ಇಟ್ಟಿಲ್ಲ.

ಕೇಸ್ ಶೀಟ್ ರೆಕಾರ್ಡ್ ರೂಮ್ ಬಿಟ್ಟು ಹೊರಗೆ ಬರುವುದಿಲ್ಲ. ಪ್ರತಿಯೊಂದಕ್ಕೂ SB-001 ರಿಂದ SB-412 ವರೆಗೆ ಸಂಕೇತ. ಸಂಕೇತಕ್ಕೂ ಐಪಿ ನಂಬರಿಗೂ ಕೊಂಡಿಯಾಗುವ ಪಟ್ಟಿ ಕಾಗದದ ಒಂದೇ ರಿಜಿಸ್ಟರಿನಲ್ಲಿ, ರೆಕಾರ್ಡ್ಸ್ ಅಧಿಕಾರಿಯ ಬೀರುವಿನಲ್ಲಿ ಬೀಗದ ಒಳಗೆ. ದತ್ತಾಂಶ ಇಂಟರ್ನೆಟ್ ಇಲ್ಲದ, ಗೂಢಲಿಪೀಕರಿಸಿದ ಡಿಸ್ಕಿನ ಒಂದು ಕಂಪ್ಯೂಟರಿನಲ್ಲಿ. ಅದನ್ನು ತೆರೆಯಬಲ್ಲವರು ಮೂವರು: ನಾನು, ಸಹ ಸಂಶೋಧಕರು, ಒಬ್ಬ ಪಿಜಿ ವಿದ್ಯಾರ್ಥಿ.

ಮೊಬೈಲ್ ಫೋನ್ ರೆಕಾರ್ಡ್ ರೂಮಿನ ಬಾಗಿಲಲ್ಲೇ ಇಟ್ಟು ಹೋಗಬೇಕು. ಈ ಸಾಲು ಅತಿಯಾಯಿತು ಎನಿಸಬಹುದು. ಹಿಂದೊಂದು ಅಧ್ಯಯನದಲ್ಲಿ, ಅಕ್ಷರ ತಿಳಿಯದ ಕೇಸ್ ಶೀಟಿನ ಫೋಟೊವನ್ನು ವಿದ್ಯಾರ್ಥಿಯೊಬ್ಬರು ಹೆಸರು ಸಮೇತ ವಾಟ್ಸಾಪ್ ಗುಂಪಿಗೆ ಹಾಕಿದ್ದರು. ನಾನೂ ಆ ಗುಂಪಿನಲ್ಲಿದ್ದೆ. ಅಳಿಸಿ ಎಂದು ಹೇಳಲು ನನಗೆ ಹೊಳೆದದ್ದು ಎರಡು ದಿನದ ನಂತರ.

ಶೇಕಡ 10ರಷ್ಟು ಕೇಸ್ ಶೀಟ್‌ಗಳನ್ನು ಇನ್ನೊಬ್ಬರು ಮರುದಾಖಲಿಸಿ ತಾಳೆ ನೋಡುತ್ತಾರೆ. ತಾಳೆ ಮುಗಿದ 30 ದಿನದೊಳಗೆ ಕೊಂಡಿಯ ರಿಜಿಸ್ಟರನ್ನು ಇಬ್ಬರ ಸಹಿಯೊಂದಿಗೆ ನಾಶಮಾಡಿ ತಮಗೆ ತಿಳಿಸುತ್ತೇವೆ; ಅಲ್ಲಿಂದ ಮುಂದೆ ಯಾರನ್ನೂ ಕೈಬಿಡಲು ಸಾಧ್ಯವಾಗದು ಎಂಬುದನ್ನು ಸೂಚನಾ ಫಲಕದಲ್ಲೂ ಬರೆದಿದೆ. ಗುರುತಿಲ್ಲದ ದತ್ತಾಂಶವನ್ನು ಅಧ್ಯಯನ ಮುಗಿದ ಮೇಲೆ ಮೂರು ವರ್ಷ ಇಟ್ಟುಕೊಳ್ಳುತ್ತೇವೆ. ಬೇರೆ ಸಂಸ್ಥೆ ಕೇಳಿದರೆ ಮತ್ತೆ ತಮ್ಮ ಮುಂದೆ ಬರುತ್ತೇವೆ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆ ಕಾಯ್ದೆ ಇನ್ನೂ ಪೂರ್ಣವಾಗಿ ಜಾರಿಯಾಗಿಲ್ಲ. ಆದರೂ ಅದರ 17(2)(ಬಿ) ಕಲಂ ಸಂಶೋಧನೆಗೆ ಹಾಕುವ ಷರತ್ತನ್ನು ಈಗಲೇ ಪಾಲಿಸುತ್ತೇವೆ: ಈ ದತ್ತಾಂಶದಿಂದ ಯಾವ ಒಬ್ಬ ವ್ಯಕ್ತಿಯ ಬಗ್ಗೆಯೂ ನಿರ್ಧಾರ ತೆಗೆದುಕೊಳ್ಳುವುದಿಲ್ಲ. ಚಿಕಿತ್ಸೆಯ ಲೋಪ ಕಣ್ಣಿಗೆ ಬಿದ್ದರೆ, ವೈದ್ಯರ ಹೆಸರಿಲ್ಲದೆ, ಒಟ್ಟು ಅಂಕಿಯಾಗಿ ಮಾತ್ರ ಆಸ್ಪತ್ರೆಯ ಆಡಿಟ್ ಸಮಿತಿಗೆ ಕೊಡುತ್ತೇವೆ. ಇದಕ್ಕೆ ಸಮಿತಿಯಲ್ಲಿ ಭಿನ್ನಾಭಿಪ್ರಾಯ ಇರಬಹುದು. ತಮ್ಮ ನಿರ್ದೇಶನದಂತೆ ತಿದ್ದಿಕೊಳ್ಳಲು ಸಿದ್ಧ.

ಈ ಅಧ್ಯಯನಕ್ಕೆ ಹೊರಗಿನ ಹಣ ಇಲ್ಲ, ಪ್ರತಿವಿಷ ತಯಾರಕರೊಂದಿಗೆ ತಂಡದ ಯಾರಿಗೂ ವ್ಯವಹಾರವಿಲ್ಲ. ತ್ವರಿತ ಪರಿಶೀಲನೆಗೆ ಪರಿಗಣಿಸಬೇಕೆಂದು ಕೋರುತ್ತೇನೆ. ಪೂರ್ಣ ಸಭೆಯ ಮುಂದಿಡಬೇಕೆಂದು ತಾವು ತೀರ್ಮಾನಿಸಿದರೆ ಖುದ್ದಾಗಿ ಹಾಜರಾಗುತ್ತೇನೆ.

ತಮ್ಮ ವಿಶ್ವಾಸಿ,
(ಸಹಿ)
ಪ್ರಧಾನ ಸಂಶೋಧಕಿ

ಲಗತ್ತುಗಳು: ಅಧ್ಯಯನದ ರೂಪುರೇಷೆ, ದತ್ತಾಂಶ ನಮೂನೆ, ಸೂಚನಾ ಫಲಕದ ಕನ್ನಡ ಪಠ್ಯ, ಮೂವರ ಗೋಪ್ಯತಾ ಮುಚ್ಚಳಿಕೆ, ವೈದ್ಯಕೀಯ ಅಧೀಕ್ಷಕರ ಒಪ್ಪಿಗೆ ಪತ್ರ.