ವಾರದ ಟೆಸ್ಟ್ ವರದಿ: ಹಾಲು ಸಂಗ್ರಹ ಮತ್ತು ಪಾವತಿ ಆ್ಯಪ್, ಜೂನ್ 9ರಿಂದ 13, 2025

ನಮಸ್ಕಾರ ಮೇಡಂ,

ಮುಖ್ಯವಾದ ವಿಷಯವನ್ನು ಮೊದಲೇ ಹೇಳಿಬಿಡುತ್ತೇನೆ. ಜುಲೈ 1ಕ್ಕೆ 12 ಸಂಘಗಳಲ್ಲಿ ಹಾಲು ಸಂಗ್ರಹದ ಭಾಗವನ್ನು ಶುರು ಮಾಡಬಹುದು ಅನ್ನುವ ನಂಬಿಕೆ ಇದೆ. ಪಾವತಿ ಭಾಗದ ಬಗ್ಗೆ ಇವತ್ತಿನ ಮಟ್ಟಿಗೆ ಆ ಮಾತು ಹೇಳಲಾರೆ. ಬ್ಯಾಂಕಿನ ಟೆಸ್ಟ್ ಸರ್ವರ್‌ಗೆ ನಮಗೆ ಇನ್ನೂ ದಾರಿ ಸಿಕ್ಕಿಲ್ಲ. ಒಂದು ರೂಪಾಯಿಯನ್ನೂ ಕಳಿಸಿ ನೋಡದೆ ರೈತರ ಖಾತೆಗೆ ದುಡ್ಡು ಹಾಕುವ ಕೋಡ್ ಸರಿ ಇದೆ ಅಂತ ಸಹಿ ಹಾಕಲು ಆಗುವುದಿಲ್ಲ.

ಈ ವಾರದ ಅಂಕಿ

| ಭಾಗ | ಒಟ್ಟು ಕೇಸ್ | ನಡೆಸಿದ್ದು | ಪಾಸ್ | ಫೇಲ್ | ಬಾಕಿ | ಪಾಸ್ ಪ್ರಮಾಣ |
|---|---|---|---|---|---|---|
| ಹಾಲು ಸಂಗ್ರಹ | 118 | 118 | 107 | 11 | 0 | 90.7% |
| ಬಿಲ್ ಮತ್ತು ಪಾವತಿ | 96 | 71 | 55 | 16 | 25 | 77.5% |
| ಸದಸ್ಯರ ನೋಂದಣಿ | 84 | 84 | 81 | 3 | 0 | 96.4% |
| ಆಫ್‌ಲೈನ್ ಸಿಂಕ್ | 62 | 48 | 39 | 9 | 14 | 81.3% |
| ವರದಿಗಳು | 52 | 45 | 42 | 3 | 7 | 93.3% |
| ಒಟ್ಟು | 412 | 366 | 324 | 42 | 46 | 88.5% |

ಹೋದ ವಾರ 301 ಕೇಸ್ ನಡೆಸಿದ್ದೆವು, ಪಾಸ್ ಪ್ರಮಾಣ 90% ಇತ್ತು. ಈ ವಾರ ಒಂದೂವರೆ ಪಾಯಿಂಟ್ ಇಳಿದಿದೆ. ಬಿಲ್ ಭಾಗವನ್ನು ಸರಿಯಾಗಿ ಕೈಗೆತ್ತಿಕೊಂಡದ್ದೇ ಈ ವಾರ, ಅದಕ್ಕೇ ಇಳಿದಿದೆ. ಹಳೆಯದು ಯಾವುದೂ ಹಾಳಾಗಿಲ್ಲ, ರಾತ್ರಿ ಓಡುವ ಆಟೊಮೇಶನ್ ಟೆಸ್ಟ್‌ಗಳೂ ವಾರವಿಡೀ ಸರಿಯಾಗಿಯೇ ಓಡಿವೆ.

88.5% ಅನ್ನುವುದು ನಡೆಸಿದ ಕೇಸ್‌ಗಳ ಲೆಕ್ಕ. ಒಟ್ಟು 412ಕ್ಕೆ ಹಿಡಿದರೆ ಪಾಸ್ ಆಗಿರುವುದು 78.6% ಮಾತ್ರ. ಒಕ್ಕೂಟದವರ ಮೀಟಿಂಗ್‌ನಲ್ಲಿ ದಯವಿಟ್ಟು ಎರಡೂ ಅಂಕಿ ಹೇಳಿ. ಬಾಕಿ ಉಳಿದ 46ರಲ್ಲಿ 39 ನಮ್ಮ ಕೈಯಲ್ಲಿಲ್ಲದ ಕಾರಣಕ್ಕೆ ನಿಂತಿವೆ. ಉಳಿದ 7 ವರದಿಗಳ ಕೇಸ್, ಸೋಮವಾರ ಮುಗಿಯುತ್ತವೆ.

ಡಿಫೆಕ್ಟ್ ಲೆಕ್ಕ: ಹೋದ ಶುಕ್ರವಾರ 23 ಓಪನ್ ಇದ್ದವು. ಹೊಸದಾಗಿ 17 ಸಿಕ್ಕವು, 11 ಕ್ಲೋಸ್ ಆದವು, ಈಗ 29 ಇವೆ. ಅದರಲ್ಲಿ 2 ಕ್ರಿಟಿಕಲ್, 8 ಮೇಜರ್, 19 ಮೈನರ್.

ಎರಡು ಕ್ರಿಟಿಕಲ್ ಬಗ್

ಮೊದಲನೆಯದು MILK-231. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಹಗಲು ಹೊತ್ತಿನಲ್ಲಿ ಟೆಸ್ಟ್ ಮಾಡಿದರೆ ಇದು ಕಣ್ಣಿಗೆ ಬೀಳುವುದೇ ಇಲ್ಲ. ನಮ್ಮ ಸರ್ವರ್ ಸಮಯವನ್ನು ಯುಟಿಸಿಯಲ್ಲಿ ಇಡುತ್ತದೆ. ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಅಂದರೆ ಬೆಳಿಗ್ಗೆ 5:30ಕ್ಕೆ ಮೊದಲು ಅಳೆದ ಹಾಲು ಸರ್ವರ್ ಲೆಕ್ಕದಲ್ಲಿ ಹಿಂದಿನ ದಿನಕ್ಕೆ ಸೇರುತ್ತದೆ.

```
ಸಂಘದಲ್ಲಿ ಅಳೆದದ್ದು : 2025-06-11 05:10 (IST)
ಸರ್ವರ್‌ನಲ್ಲಿ        : 2025-06-10T23:40:00Z
ಬಿಲ್‌ನಲ್ಲಿ ಬಂದ ದಿನ  : 2025-06-10
```

ದಿನ ಒಂದು ಹಿಂದೆ ಹೋದರೆ ಏನಾಯಿತು ಅಂತ ಅನಿಸಬಹುದು. ಆದರೆ ಈ ಒಕ್ಕೂಟದ ಬಿಲ್ 10 ದಿನಕ್ಕೊಮ್ಮೆ: 1ರಿಂದ 10, 11ರಿಂದ 20, 21ರಿಂದ ತಿಂಗಳ ಕೊನೆ. 11ನೇ ತಾರೀಕು ಬೆಳಿಗ್ಗೆ ಬೇಗ ಬಂದು ಹಾಲು ಹಾಕಿದವರ ಹಾಲು ಆಗಲೇ ಮುಚ್ಚಿರುವ ಬಿಲ್‌ಗೆ ಹೋಗಿ ಕೂರುತ್ತದೆ. ಹೊಸ ಬಿಲ್‌ನಲ್ಲಿ ಅದು ಇರುವುದಿಲ್ಲ, ಹಳೆಯ ಬಿಲ್ ಮತ್ತೆ ತೆರೆಯುವುದಿಲ್ಲ. ಆ ಹಾಲಿಗೆ ದುಡ್ಡೇ ಬರುವುದಿಲ್ಲ. ಜೊತೆಗೆ ಮುಂಚಿನ ಸಂಜೆ ಹಾಲಿನ ಪಕ್ಕದಲ್ಲಿ ಅದೇ ತಾರೀಕಿಗೆ ಎರಡು ಬೆಳಗಿನ ಸಾಲು ಕಾಣುತ್ತವೆ. ಸಂಘದ ಕಾರ್ಯದರ್ಶಿ ಅದನ್ನು ಡಬಲ್ ಎಂಟ್ರಿ ಅಂದುಕೊಂಡು ಅಳಿಸಿಬಿಡುವ ಸಾಧ್ಯತೆ ಜಾಸ್ತಿ. ಸಂಗ್ರಹದಲ್ಲಿ 6, ಬಿಲ್‌ನಲ್ಲಿ 7, ಒಟ್ಟು 13 ಕೇಸ್ ಈ ಒಂದೇ ಕಾರಣಕ್ಕೆ ಫೇಲ್ ಆಗಿವೆ.

ಡೆವಲಪರ್ ಜೊತೆ ಕೂತು ನೋಡಿದೆವು. ತಾರೀಕು ತೆಗೆಯುವ ಜಾಗದಲ್ಲಿ ಇಷ್ಟು ಬದಲಾಗಬೇಕು:

```sql
(collected_at AT TIME ZONE 'Asia/Kolkata')::date
```

ಇಂಥ ಜಾಗ ಬಿಲ್‌ನಲ್ಲಿ ಮೂರು, ವರದಿಗಳಲ್ಲಿ ಎರಡು ಇವೆ. ಐದೂ ಕಡೆ ಬದಲಾದ ಬಿಲ್ಡ್ ಮಂಗಳವಾರ ಕೊಡುತ್ತೇವೆ ಅಂದಿದ್ದಾರೆ. ಬಂದ ಮೇಲೆ ತಿಂಗಳ ಕೊನೆಯ ದಿನವನ್ನೂ ಸೇರಿಸಿ ಮತ್ತೆ ಪೂರ್ತಿ ನಡೆಸುತ್ತೇವೆ.

ಎರಡನೆಯದು MILK-238. ಹಳ್ಳಿಯಲ್ಲಿ ಸಿಗ್ನಲ್ ಬಂದು ಹೋಗಿ ಮಾಡುತ್ತದೆ. ಆ್ಯಪ್ ಕಳಿಸಿದ ಎಂಟ್ರಿ ಸರ್ವರ್‌ನಲ್ಲಿ ಉಳಿಯಿತು, ಆದರೆ "ಸಿಕ್ಕಿತು" ಅನ್ನುವ ಉತ್ತರ ಫೋನಿಗೆ ಬರುವ ಮೊದಲೇ ಸಿಗ್ನಲ್ ಹೋಯಿತು. ಆಗ ಆ್ಯಪ್ ಅದನ್ನೇ ಮತ್ತೆ ಕಳಿಸುತ್ತದೆ, ಸರ್ವರ್ ಎರಡನೇ ಸಾಲು ಮಾಡಿಕೊಳ್ಳುತ್ತದೆ. ನಮ್ಮ ಟೆಸ್ಟ್‌ನಲ್ಲಿ 8.4 ಲೀಟರ್ 16.8 ಆಯಿತು. ಸಿಂಕ್ ಭಾಗದ 9 ಫೇಲ್‌ನಲ್ಲಿ 5 ಇದರದ್ದೇ. ಪ್ರತಿ ಎಂಟ್ರಿಗೂ ಫೋನ್‌ನಲ್ಲೇ ಒಂದು ಗುರುತಿನ ಸಂಖ್ಯೆ ಹುಟ್ಟಬೇಕು, ಅದೇ ಸಂಖ್ಯೆ ಎರಡನೇ ಸಲ ಬಂದರೆ ಸರ್ವರ್ ಹೊಸ ಸಾಲು ಮಾಡಬಾರದು. ಈ ಕೆಲಸ ಶುರುವಾಗಿದೆ, ಗುರುವಾರದ ಬಿಲ್ಡ್‌ನಲ್ಲಿ ಬರಬೇಕು.

ಒಂದು ಒಳ್ಳೆಯ ಸುದ್ದಿಯೂ ಇದೆ. ಫ್ಯಾಟ್ ಲೆಕ್ಕ ಒಂದು ಮೆಟ್ಟಿಲು ಕೆಳಗೆ ಹೋಗುತ್ತಿದ್ದ MILK-219 ಕ್ಲೋಸ್ ಆಯಿತು. ಫ್ಯಾಟ್ 4.35 ಬಂದರೆ ಆ್ಯಪ್ ಹೀಗೆ ಮಾಡುತ್ತಿತ್ತು:

```js
Math.floor(4.35 * 100) / 100   // 4.34
```

ಕಂಪ್ಯೂಟರ್ ಒಳಗೆ 4.35ನ್ನು 100ರಿಂದ ಗುಣಿಸಿದರೆ 435 ಬರುವುದಿಲ್ಲ, 434.99999999999994 ಬರುತ್ತದೆ. ಚಾರ್ಟ್‌ಗೆ ಹೋಗುವಾಗ 4.4 ಆಗಬೇಕಾದದ್ದು 4.3 ಆಗುತ್ತಿತ್ತು. ಈ ಒಕ್ಕೂಟದ ದರದ ಚಾರ್ಟ್‌ನಲ್ಲಿ ಒಂದು ಮೆಟ್ಟಿಲಿಗೆ ಲೀಟರ್‌ಗೆ 30 ಪೈಸೆ. 8 ಲೀಟರ್ ಹಾಕುವವರಿಗೆ ಒಂದು ಹೊತ್ತಿಗೆ 2 ರೂಪಾಯಿ 40 ಪೈಸೆ ಕಮ್ಮಿ. ಈಗ ಲೆಕ್ಕವೆಲ್ಲ ಪೂರ್ಣಾಂಕದಲ್ಲಿ ನಡೆಯುತ್ತಿದೆ. 3.0ರಿಂದ 9.0ರವರೆಗೆ ಎಲ್ಲ ಫ್ಯಾಟ್ ಅಳತೆಯನ್ನೂ ಓಡಿಸಿ ಚಾರ್ಟ್ ಜೊತೆ ತಾಳೆ ನೋಡಿದೆವು, ಎಲ್ಲವೂ ಸರಿ ಬಂತು.

ಕೆಲಸ ನಿಂತಿರುವುದು ಎಲ್ಲಿ

ದೊಡ್ಡ ಅಡ್ಡಿ ಬ್ಯಾಂಕ್ ಸರ್ವರ್. ನಮ್ಮ ಸ್ಟೇಜಿಂಗ್ ಸರ್ವರ್‌ನ ಐಪಿಯನ್ನು ಬ್ಯಾಂಕಿನವರು ಅವರ ಪಟ್ಟಿಗೆ ಸೇರಿಸಿಲ್ಲ. ಸೋಮವಾರ ಕೇಳಿದೆವು, ಬುಧವಾರ ಉತ್ತರ ಬಂತು: ಅರ್ಜಿಗೆ ಒಕ್ಕೂಟದ ಅಧಿಕೃತ ಸಹಿ ಬೇಕಂತೆ. ಅರ್ಜಿ ತುಂಬಿ ಒಕ್ಕೂಟದ ಹಣಕಾಸು ವಿಭಾಗಕ್ಕೆ ಅವತ್ತೇ ಕಳಿಸಿದ್ದೇವೆ, ಅಲ್ಲಿಂದ ಸದ್ದಿಲ್ಲ. ನಾವು ಮೇಲ್ ಮೇಲೆ ಮೇಲ್ ಹಾಕುವುದಕ್ಕಿಂತ ನೀವು ಒಂದು ಫೋನ್ ಮಾಡಿದರೆ ಬೇಗ ಆಗುತ್ತದೆ. 25 ಕೇಸ್ ಇದಕ್ಕೆ ಕಾದಿವೆ. ಪಾವತಿ ವಾಪಸ್ ಬರುವುದು, ಅರ್ಧ ಫೈಲ್ ಮಾತ್ರ ಹೋಗುವುದು, ಅದೇ ಫೈಲ್ ಎರಡು ಸಲ ಹೋಗುವುದು, ಎಲ್ಲ ಈ 25ರಲ್ಲೇ ಇವೆ. ಪಾವತಿ ಭಾಗದಲ್ಲಿ ನನಗೆ ಜಾಸ್ತಿ ಭಯ ಇರುವ ಕೇಸ್‌ಗಳೇ ಇವು.

ಎರಡನೆಯದು ಫೋನ್‌ಗಳು. ಸಂಘಗಳಲ್ಲಿ ಇರುವುದು ಆಂಡ್ರಾಯ್ಡ್ 9 ಮತ್ತು 10ರ ಹಳೆಯ ಸೆಟ್‌ಗಳು, ನಮ್ಮ ಮೇಜಿನ ಮೇಲೆ ಇರುವುದು ಹೊಸವು. ಮೂರು ಹಳೆಯ ಸೆಟ್ ಬೇಕು ಅಂತ ಕೇಳಿದ ಅರ್ಜಿ ಖರೀದಿ ವಿಭಾಗದಲ್ಲಿ ನಿಮ್ಮ ಒಪ್ಪಿಗೆಗೆ ಕಾಯುತ್ತಿದೆ. ಸಿಂಕ್‌ನ 14 ಕೇಸ್ ಅದರಿಂದ ನಿಂತಿವೆ. ಎಮ್ಯುಲೇಟರ್‌ನಲ್ಲಿ ನೋಡಬಹುದಲ್ವಾ ಅಂತ ಕೇಳಿದವರಿದ್ದಾರೆ. ಬ್ಯಾಟರಿ ಉಳಿಸಲು ಫೋನ್ ತಾನೇ ಆ್ಯಪ್ ನಿಲ್ಲಿಸುವುದು ಎಮ್ಯುಲೇಟರ್‌ನಲ್ಲಿ ಹಾಗೆಯೇ ಆಗುವುದಿಲ್ಲ. ನಮಗೆ ನೋಡಬೇಕಾದದ್ದು ಅದೇ.

ಮುಂದೆ ತೊಂದರೆ ಕೊಡಬಹುದಾದವು

*ಹಳೆಯ ಐಎಫ್‌ಎಸ್‌ಸಿ.* ಹಳೆಯ ಸಿಸ್ಟಮ್‌ನಿಂದ ಬಂದ 1,846 ಸದಸ್ಯರ ದಾಖಲೆಯಲ್ಲಿ 202 ಜನರ ಕೋಡ್ ಈಗ ನಡೆಯುವುದಿಲ್ಲ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ, ವಿಜಯಾ ಬ್ಯಾಂಕ್ 2019ರಲ್ಲಿ, ಸಿಂಡಿಕೇಟ್ ಬ್ಯಾಂಕ್ 2020ರಲ್ಲಿ ಬೇರೆ ಬ್ಯಾಂಕ್‌ಗಳಲ್ಲಿ ವಿಲೀನವಾದವು. ನಮ್ಮ ಡೇಟಾದಲ್ಲಿ `SYNB` 143, `VIJB` 38, `SBMY` 21 ಇನ್ನೂ ಇವೆ. ಆ್ಯಪ್ ಇವನ್ನು ಸುಮ್ನೆ ಒಪ್ಪಿಕೊಳ್ಳುತ್ತದೆ, ಏಕೆಂದರೆ ಅದು ನೋಡುವುದು 11 ಅಕ್ಷರ ಇದೆಯಾ, ಐದನೆಯದು ಸೊನ್ನೆಯಾ ಅಂತ ಮಾತ್ರ. 5 ಕೇಸ್ ಇದರಿಂದ ಫೇಲ್. ಚಾಲ್ತಿಯಲ್ಲಿರುವ ಕೋಡ್‌ಗಳ ಪಟ್ಟಿ ಜೊತೆ ತಾಳೆ ನೋಡುವ ಬದಲಾವಣೆ ಕೇಳಿದ್ದೇವೆ. ಆದರೆ ಹಳೆಯ ಕೋಡನ್ನು ನಾವೇ ಊಹೆಯಿಂದ ಹೊಸದಕ್ಕೆ ಬದಲಿಸಬಾರದು ಅನ್ನುವುದು ನನ್ನ ಅಭಿಪ್ರಾಯ. ಸದಸ್ಯರ ಪಾಸ್‌ಬುಕ್ ನೋಡಿಯೇ ತಿದ್ದಬೇಕು. ಅದು ಸಂಘಗಳ ಕೆಲಸ, ಅದಕ್ಕೆ ಎರಡು ವಾರವಾದರೂ ಬೇಕು. ಪಟ್ಟಿಯನ್ನು ಸಂಘವಾರು ಮಾಡಿ ಇಟ್ಟಿದ್ದೇನೆ, ನೀವು ಹೂಂ ಅಂದರೆ ಸೋಮವಾರವೇ ಕಳಿಸಬಹುದು.

*ಆಧಾರ್.* ಸ್ಟೇಜಿಂಗ್‌ನಲ್ಲಿರುವ ಡೇಟಾ ನಿಜವಾದ ಸದಸ್ಯರದ್ದು, ಆಧಾರ್ ಸಂಖ್ಯೆ 12 ಅಂಕಿಯೂ ಹಾಗೇ ಕಾಣುತ್ತದೆ. ಟೆಸ್ಟಿಂಗ್‌ಗೆ ನಮಗೆ ಅದು ಬೇಕಾಗಿಲ್ಲ. ಕೊನೆಯ 4 ಅಂಕಿ ಬಿಟ್ಟು ಉಳಿದದ್ದನ್ನು ಮುಚ್ಚಿದ ಡೇಟಾ ಕೊಡಿ ಅಂತ ಡೇಟಾಬೇಸ್ ತಂಡಕ್ಕೆ ಬರೆದಿದ್ದೇನೆ. ಅದಾಗುವವರೆಗೆ ಬಗ್ ಟಿಕೆಟ್‌ಗಳಿಗೆ ಸದಸ್ಯರ ಪುಟದ ಸ್ಕ್ರೀನ್‌ಶಾಟ್ ಹಾಕಬೇಡಿ ಅಂತ ತಂಡಕ್ಕೆ ಹೇಳಿದ್ದೇನೆ. ಪಾಸ್ ಪ್ರಮಾಣದಲ್ಲಿ ಕಾಣದ ವಿಷಯ ಇದು, ಆದರೆ ತಡ ಮಾಡುವಂಥದ್ದಲ್ಲ.

*ಚೀಟಿ ಮೇಲಿನ ಕನ್ನಡ.* 58 ಎಂಎಂ ಪ್ರಿಂಟರ್‌ಗೆ ಕನ್ನಡ ಅಕ್ಷರ ಗೊತ್ತಿಲ್ಲ, ಹಾಗಾಗಿ ಹೆಸರನ್ನು ಚಿತ್ರ ಮಾಡಿ ಕಳಿಸುತ್ತಿದ್ದೇವೆ. ಸಾಲಿನ ಎತ್ತರ ಸಾಲದೆ ಒತ್ತಕ್ಷರದ ಕೆಳಭಾಗ ಕತ್ತರಿಸಿ ಹೋಗುತ್ತಿದೆ. ಲಕ್ಷ್ಮಮ್ಮ ಅನ್ನುವ ಹೆಸರಿನಲ್ಲಿ ಒತ್ತುಗಳೆಲ್ಲ ಅರ್ಧಕ್ಕೇ ನಿಂತವು. ಇದನ್ನು ಮೈನರ್ ಅಂತ ಹಾಕಿದ್ದರು, ನಾನು ಮೇಜರ್‌ಗೆ ಏರಿಸಿದ್ದೇನೆ. ರೈತರ ಕೈಗೆ ಸಿಗುವ ಒಂದೇ ದಾಖಲೆ ಆ ಚೀಟಿ, ಅದರಲ್ಲಿ ಅವರ ಹೆಸರು ಸರಿ ಇರಬೇಕು.

ದರದ ಚಾರ್ಟ್ ಬಿಲ್ ಅವಧಿಯ ನಡುವೆ ಬದಲಾದರೆ ಏನಾಗಬೇಕು ಅನ್ನುವುದಕ್ಕೆ ಒಕ್ಕೂಟದಿಂದ ಇನ್ನೂ ಬರಹದಲ್ಲಿ ಉತ್ತರ ಬಂದಿಲ್ಲ. ಅದನ್ನೂ ನಿಮ್ಮ ಫೋನ್‌ನಲ್ಲಿ ಕೇಳಿದರೆ ಒಳ್ಳೆಯದು.

ಮುಂದಿನ ವಾರ, ಮತ್ತು ನಿಮ್ಮಿಂದ ಬೇಕಾದದ್ದು

ಸೋಮವಾರ ವರದಿಗಳ 7 ಕೇಸ್ ಮುಗಿಸಿ, ಮಂಗಳವಾರದಿಂದ MILK-231ರ ಮರುಪರೀಕ್ಷೆ. ಗುರುವಾರ ಡಬಲ್ ಎಂಟ್ರಿಯದ್ದು. ಶುಕ್ರವಾರ ಬೆಳಿಗ್ಗೆ 4:45ಕ್ಕೆ ನಮ್ಮಲ್ಲಿ ಇಬ್ಬರು ಹತ್ತಿರದ ಒಂದು ಸಂಘಕ್ಕೆ ಹೋಗಿ, ನಿಜವಾಗಿ ಹಾಲು ಅಳೆಯುವ ಹೊತ್ತಿನಲ್ಲೇ ಆ್ಯಪ್ ಓಡಿಸಿ ನೋಡುತ್ತಾರೆ. ಅವರ ಗಾಡಿ ಖರ್ಚಿಗೆ ಒಪ್ಪಿಗೆ ಬೇಕು.

ಬ್ಯಾಂಕ್ ಸರ್ವರ್ ಬುಧವಾರ, ಜೂನ್ 18ರೊಳಗೆ ಸಿಕ್ಕಿದರೆ 24ರ ಕೋಡ್ ಫ್ರೀಜ್‌ಗೆ ಮೊದಲು 25 ಕೇಸ್ ಮುಗಿಸುತ್ತೇವೆ. ಸಿಗದಿದ್ದರೆ ನನ್ನ ಸಲಹೆ ಇದು: ಜುಲೈ 1ಕ್ಕೆ ಸಂಗ್ರಹ ಶುರು ಮಾಡೋಣ, ಬಿಲ್ಲನ್ನು ಹಳೆಯ ಸಿಸ್ಟಮ್ ಮತ್ತು ಹೊಸ ಆ್ಯಪ್ ಎರಡರಲ್ಲೂ ಲೆಕ್ಕ ಹಾಕಿ ತಾಳೆ ನೋಡೋಣ, ದುಡ್ಡು ಮಾತ್ರ ಮೊದಲ ಬಿಲ್‌ಗೆ ಹಳೆಯ ದಾರಿಯಲ್ಲೇ ಹೋಗಲಿ. ಒಕ್ಕೂಟದವರಿಗೆ ಹತ್ತು ದಿನ ಎರಡು ಕೆಲಸ ಆಗುತ್ತದೆ, ಅದು ಗೊತ್ತು. ಇದಕ್ಕೆ ನಿಮ್ಮ ಒಪ್ಪಿಗೆಯೋ ಬೇರೆ ಯೋಚನೆಯೋ, ಬುಧವಾರ ಸಂಜೆ 5ರೊಳಗೆ ತಿಳಿಸಿದರೆ ಗುರುವಾರದ ಕೆಲಸವನ್ನು ಅದರಂತೆ ಹಂಚುತ್ತೇನೆ.

ವಂದನೆಗಳು,
ಟೆಸ್ಟ್ ಲೀಡ್