ಸೀಳಿದ ಡ್ರಿಪ್ ಪೈಪಿನ ದೂರು: ₹14,750 ಬಾಕಿ ಎಂಬ ತಮ್ಮ ಪತ್ರಕ್ಕೆ ಉತ್ತರ

ದಿನಾಂಕ: 27-6-2025
ಶ್ರೀನಿವಾಸಪುರ ತಾಲ್ಲೂಕು, ಕೋಲಾರ ಜಿಲ್ಲೆ

ಶಾಖಾ ವ್ಯವಸ್ಥಾಪಕರಿಗೆ,
ಕೋಲಾರ
(ಸ್ಪೀಡ್ ಪೋಸ್ಟ್ ಮತ್ತು ಇಮೇಲ್ ಮೂಲಕ)

ಮಾನ್ಯರೇ,

ಜೂನ್ 9ರಂದು ನಾನು ಕೊಟ್ಟ ದೂರು ಪೈಪಿನದು. ಜೂನ್ 23ರಂದು ತಾವು ಬರೆದದ್ದು ₹14,750 ಬಾಕಿಯಿದೆ, ಅದನ್ನು ಕಟ್ಟುವವರೆಗೆ ಸರ್ವೀಸ್ ಇಲ್ಲ ಎಂಬ ದುಡ್ಡಿನ ಮಾತು. ಪೈಪ್ ಯಾಕೆ ಸೀಳಿತು ಎಂಬುದಕ್ಕೆ ಅದರಲ್ಲಿ ಒಂದು ಸಾಲೂ ಇಲ್ಲ. ಆದ್ದರಿಂದ ಮೊದಲು ಪೈಪಿನ ವಿಷಯ.

ಬಿಲ್ ಸಂಖ್ಯೆ 1147ರ (3-3-2025) 16 ಮಿ.ಮೀ. ಇನ್‌ಲೈನ್ ಲ್ಯಾಟರಲ್‌ಗೆ ವಾರಂಟಿ ಕಾರ್ಡಿನಲ್ಲಿ ಒಂದು ವರ್ಷ ಅಂತಿದೆ. ಮೂರು ತಿಂಗಳಿಗೇ ಎರಡನೇ ಬ್ಲಾಕಿನಲ್ಲಿ 23 ಕಡೆ ಸೀಳಿದೆ. ಇಲಿ ಕಡಿದರೆ ಅಂಚು ಹಲ್ಲುಹಲ್ಲಾಗಿರುತ್ತದೆ, ಗುದ್ದಲಿ ತಾಗಿದರೆ ಅಡ್ಡಕ್ಕೆ ಕುಯ್ದಿರುತ್ತದೆ. ಇವೆಲ್ಲ ಪೈಪಿನ ಒಂದೇ ಗೆರೆಯಲ್ಲಿ ಉದ್ದಕ್ಕೆ, 4ರಿಂದ 9 ಸೆಂ.ಮೀ. ಸೀಳಿವೆ. ಕತ್ತರಿಸಿ ಜಾಯಿನರ್ ಹಾಕಿದರೆ ಅದರ ಪಕ್ಕದಲ್ಲೇ ಮತ್ತೆ ಬಿಡುತ್ತದೆ. ಫಿಲ್ಟರ್ ದಾಟಿದ ಮೇಲಿನ ಗೇಜ್ ಆಗ ತೋರಿಸುತ್ತಿದ್ದದ್ದು 1 ಕೆ.ಜಿ. ಪ್ರೆಶರ್. ಗಂಟೆಗೆ 2 ಲೀಟರಿನ ಡ್ರಿಪ್ಪರ್ ಕೆಳಗೆ 15 ನಿಮಿಷ ಅಳತೆ ಪಾತ್ರೆ ಇಟ್ಟರೆ 500 ಮಿ.ಲೀ. ಬರಬೇಕು, ಸಾಲಿನ ತಲೆಯಲ್ಲಿ 470, ಬಾಲದಲ್ಲಿ 180 ಬಂತು. ಟೊಮೆಟೊ ಗಿಡ ಬಾಡಿರುವುದೂ ಆ ಬಾಲದ ಕಡೆಯೇ.

ಇನ್ನು ಬಾಕಿ. ಬಿಲ್ ಮೊತ್ತ ₹98,600. ಫೆಬ್ರವರಿ 12ಕ್ಕೆ ₹40,000, ಮಾರ್ಚ್ 3ಕ್ಕೆ ₹58,600 ತಮ್ಮ ಖಾತೆಗೆ ಹಾಕಿದ್ದೇನೆ. ಈಗ ಕೇಳುತ್ತಿರುವ ₹14,750ರಲ್ಲಿ ₹8,500 ಫಿಟ್ಟಿಂಗ್ ಕೂಲಿ. ತಮ್ಮ ಕೊಟೇಶನ್ನಿನ ಕೊನೆಯ ಸಾಲಿನಲ್ಲಿ "ಫಿಟ್ಟಿಂಗ್ ಸೇರಿ" ಎಂದಿದೆ. ಉಳಿದ ₹6,250 ಡಿಸ್ಕ್ ಫಿಲ್ಟರಿನದು. ಅದು ಬಿಲ್ಲಿನ 4ನೇ ಸಾಲಿನಲ್ಲೇ ಇದೆ, ತೋಟದಲ್ಲಿರುವುದೂ ಒಂದೇ ಫಿಲ್ಟರ್. ಮಾರ್ಚ್‌ನಿಂದ ಜೂನ್ 23ರವರೆಗೆ ಈ ಬಾಕಿಯನ್ನು ತಾವು ಒಮ್ಮೆಯೂ ಕೇಳಿಲ್ಲ. ದೂರು ಕೊಟ್ಟ ಎರಡು ವಾರಕ್ಕೆ ನೆನಪಾಗಿದೆ.

ಈ ಬಾಕಿಯನ್ನು ನಾನು ಒಪ್ಪುವುದಿಲ್ಲ. ಇದೆ ಎನ್ನುವುದಾದರೆ ಬಿಲ್, ನನ್ನ ಸಹಿಯಿರುವ ಡೆಲಿವರಿ ಚಲನ್, ನನ್ನ ಖಾತೆಯ ಪೂರ್ತಿ ಲೆಡ್ಜರ್ ಕಳಿಸಿ. ನೋಡಿ ಬೇರೆಯಾಗಿ ಉತ್ತರಿಸುತ್ತೇನೆ. "ಬಾಕಿ ಕಟ್ಟುವವರೆಗೆ ಸರ್ವೀಸ್ ಇಲ್ಲ" ಎಂಬ ಷರತ್ತು ವಾರಂಟಿ ಕಾರ್ಡಿನಲ್ಲಿ ಎಲ್ಲೂ ಇಲ್ಲ. ಬದಲಿ ಪೈಪಿನ ಬೆಲೆಯಲ್ಲಿ ಈ ಮೊತ್ತವನ್ನು ಮುರಿದುಕೊಳ್ಳುವುದಕ್ಕೂ ನನ್ನ ಒಪ್ಪಿಗೆಯಿಲ್ಲ.

ಜುಲೈ 5ರೊಳಗೆ ತಮ್ಮ ಟೆಕ್ನೀಷಿಯನ್ ಕಳಿಸಿ. ಮೂರು ಫೇಸ್ ಕರೆಂಟ್ ಬೆಳಿಗ್ಗೆ 6ರಿಂದ 10ರವರೆಗೆ ಮಾತ್ರ ಇರುವುದರಿಂದ ಆ ಹೊತ್ತಿಗೇ ಬರಲಿ, ಗೇಜ್ ಅವರೇ ತರಲಿ. ಸೀಳಿದ ತುಂಡು ಒಯ್ಯುವುದಾದರೆ ಅಳತೆ, ಬ್ಯಾಚ್ ನಂಬರ್ ಬರೆದು ರಸೀದಿ ಕೊಡಬೇಕು. ಅದೇ ಸುರುಳಿಯ ಇನ್ನೊಂದು ತುಂಡು ನನ್ನಲ್ಲೇ ಇರುತ್ತದೆ. ಜುಲೈ 14ರೊಳಗೆ ಎರಡನೇ ಬ್ಲಾಕಿನ ಲ್ಯಾಟರಲ್ ಪೂರ್ತಿ ಬದಲಿಸಿಕೊಡಿ. ಆಗದಿದ್ದರೆ ಗ್ರಾಹಕರ ಸಂರಕ್ಷಣಾ ಕಾಯ್ದೆ 2019ರ 35ನೇ ಕಲಮಿನಡಿ ಕೋಲಾರ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡುತ್ತೇನೆ. ಬೆಳೆ ನಷ್ಟವನ್ನೂ ಅಲ್ಲೇ ಕೇಳುತ್ತೇನೆ.

ಫೋನಿನಲ್ಲಿ ಏನೇ ಮಾತಾಡಿದರೂ ಅದನ್ನು ಬರಹದಲ್ಲಿ ಕಳಿಸಿ.

ಇಂತಿ,
ಬಿಲ್ ಸಂಖ್ಯೆ 1147ರ ಗ್ರಾಹಕ

ಲಗತ್ತು: ಬಿಲ್, ಕೊಟೇಶನ್, ವಾರಂಟಿ ಕಾರ್ಡ್, ಎರಡು ಪಾವತಿಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಜೂನ್ 9ರ ದೂರು, ಸ್ಕೇಲ್ ಇಟ್ಟು ತೆಗೆದ 23 ಫೋಟೊ