ವಿಷಯ: ಕನ್ನಡ ಆಡಿಯೋ ಇದೆ ಅಂತ ತೋರಿಸಿ ಕೊಟ್ಟಿಲ್ಲ, ಸಬ್‌ಟೈಟಲ್ ಪೂರ್ತಿ ತಪ್ಪು (ಟಿಕೆಟ್ ನಂಬರ್ 40917)

ಗ್ರಾಹಕ ಸೇವಾ ವಿಭಾಗದವರಿಗೆ,

ನಮಸ್ಕಾರ. ಚಾಟಲ್ಲಿ ಮೂರು ಸಲ ಹೇಳಿ ಆಯ್ತು, ಅದಕ್ಕೆ ಈಗ ಎಲ್ಲಾ ಒಂದೇ ಕಡೆ ಬರೀತಿದೀನಿ, ದಯವಿಟ್ಟು ಪೂರ್ತಿ ಓದಿ.

ಹೋದ ತಿಂಗಳು 1,249 ರೂಪಾಯಿ ಕೊಟ್ಟು ಒಂದು ವರ್ಷದ ಪ್ಲಾನ್ ತಗೊಂಡೆ, ನನಗಲ್ಲ, ಹಾಸನದಲ್ಲಿರೋ ಅಮ್ಮನಿಗೆ. ನಿಮ್ಮಲ್ಲಿ ಹೊಸದಾಗಿ ಬಂದಿರೋ ಆ ಆರು ಎಪಿಸೋಡಿನ ಮಲಯಾಳಂ ಸೀರೀಸ್, ತರವಾಡು ಮನೆಯ ಆಸ್ತಿ ಜಗಳದ್ದು, ಅದರ ಪೇಜಲ್ಲಿ "ಆಡಿಯೋ: ಮಲಯಾಳಂ, ತಮಿಳು, ತೆಲುಗು, ಹಿಂದಿ, ಕನ್ನಡ" ಅಂತ ಹಾಕಿದ್ದೀರ, ಅದನ್ನ ನೋಡೇ ದುಡ್ಡು ಕಟ್ಟಿದ್ದು. ಅಮ್ಮನಿಗೆ ಕಣ್ಣಿನ ಪೊರೆ ಆಪರೇಷನ್ ಆಗಿದೆ, ಸಬ್‌ಟೈಟಲ್ ಓದೋದು ಕಷ್ಟ, ಆಡಿಯೋನೇ ಬೇಕು.

ಮೊದಲ ಎರಡು ಎಪಿಸೋಡ್ ಫೋನಲ್ಲಿ ಕನ್ನಡದಲ್ಲಿ ಬಂತು, ಡಬ್ಬಿಂಗ್ ಕೂಡ ಚೆನ್ನಾಗೇ ಇತ್ತು, ಆ ಅಜ್ಜಿ ಪಾತ್ರಕ್ಕೆ ದನಿ ಕೊಟ್ಟವರಿಗೆ ನನ್ನ ಕಡೆಯಿಂದ ಥ್ಯಾಂಕ್ಸ್ ಹೇಳಿ. ಟಿವಿಯಲ್ಲಿ ಅದೇ ಎಪಿಸೋಡ್ ಹಾಕಿದ್ರೆ ಲಿಸ್ಟಲ್ಲಿ ಕನ್ನಡನೇ ಇಲ್ಲ. ಮೂರನೇ ಎಪಿಸೋಡಿಂದ ಫೋನಲ್ಲೂ ಮಾಯ. ಐದನೇದ್ರಲ್ಲಿ ಕನ್ನಡ ಅಂತ ತೋರಿಸುತ್ತೆ, ಒತ್ತಿದ್ರೆ ತೆಲುಗು ಬರುತ್ತೆ! ಅಮ್ಮ ಹತ್ತು ನಿಮಿಷ ಕೂತು ಕೇಳಿ "ಇವರು ಯಾವ ಕಡೆ ಕನ್ನಡ ಮಾತಾಡ್ತಿದ್ದಾರೆ" ಅಂದ್ರು.

ಚಾಟಲ್ಲಿ ಕ್ಯಾಶ್ ಕ್ಲಿಯರ್ ಮಾಡಿ ಅಂದ್ರು, ಮಾಡಿದೆ, ಆಪ್ ತೆಗೆದು ಮತ್ತೆ ಹಾಕಿ ಅಂದ್ರು, ಅದನ್ನೂ ಮಾಡಿದೆ, ಕೊನೆಗೆ "ಕನ್ನಡ ಆಡಿಯೋ ನಿಮ್ಮ ಪ್ರದೇಶದಲ್ಲಿ ಲಭ್ಯವಿಲ್ಲದಿರಬಹುದು" ಅಂತ ಉತ್ತರ ಬಂತು. ಹಾಸನದಲ್ಲಿ ಕನ್ನಡ ಲಭ್ಯ ಇಲ್ಲ ಅಂದ್ರೆ ಇನ್ನು ಎಲ್ಲಿ ಸ್ವಾಮಿ ಲಭ್ಯ?

ಸರಿ ಅಂತ ನಾನೇ ಪಕ್ಕದಲ್ಲಿ ಕೂತು ಕನ್ನಡ ಸಬ್‌ಟೈಟಲ್ ಓದಿ ಹೇಳೋಣ ಅಂತ ಹೊರಟೆ, ಅದರ ಕಥೆ ಇನ್ನೂ ಕೆಟ್ಟದು. ನಾಲ್ಕನೇ ಎಪಿಸೋಡಲ್ಲಿ ಶುರುವಿಗೆ ಸರಿಯಾಗಿದೆ, ಹತ್ತನೇ ನಿಮಿಷಕ್ಕೆ ಬರೋ ಹೊತ್ತಿಗೆ ಸಾಲುಗಳು 25 ಸೆಕೆಂಡ್ ಮುಂಚೆ ಬರ್ತಿವೆ, ನಲವತ್ತನೇ ನಿಮಿಷದಲ್ಲಿ ಒಂದೂಮುಕ್ಕಾಲು ನಿಮಿಷ ಹತ್ತತ್ರ ಮುಂಚೆ. ವಿಲ್ ಬರೆದದ್ದು ಯಾರು ಅಂತ ಪಾತ್ರ ಬಾಯಿ ಬಿಡೋಕೆ ಮುಂಚೆ ನಮಗೆ ಗೊತ್ತಾಯ್ತು. ನನ್ನ ತಮ್ಮ ವಿಡಿಯೋ ಎಡಿಟಿಂಗ್ ಕೆಲಸ ಮಾಡ್ತಾನೆ, ಅವನು ನೋಡಿ ಹೇಳಿದ್ದು, ಹಿಂಗೆ ಹೋಗ್ತಾ ಹೋಗ್ತಾ ಜಾಸ್ತಿ ಆಗ್ತಿದ್ರೆ ಸೆಕೆಂಡಿಗೆ 25 ಫ್ರೇಮ್ ಲೆಕ್ಕಕ್ಕೆ ಮಾಡಿದ ಸಬ್‌ಟೈಟಲ್ ಫೈಲನ್ನ 23.976 ಫ್ರೇಮಿನ ವಿಡಿಯೋಗೆ ಹಾಕಿರ್ತಾರೆ ಅಂತ, ಲೆಕ್ಕನೂ ಸರಿಯಾಗಿ ಕೂರುತ್ತೆ. ಅಂದ್ರೆ ಇದು ನನ್ನ ಟಿವಿ ಪ್ರಾಬ್ಲಮ್ ಅಲ್ಲ, ನಿಮ್ಮ ಫೈಲಿಂದು. ಟೆಕ್ನಿಕಲ್ ಟೀಮಿಗೆ ಈ ಸಾಲನ್ನ ಹಾಗೇ ಕಳಿಸಿ.

ಇನ್ನು ಅನುವಾದ. ನಾನು ಮೂರು ವರ್ಷ ಕೊಚ್ಚಿಯಲ್ಲಿ ಕೆಲಸ ಮಾಡಿದ್ದೆ, ಮಲಯಾಳಂ ಅರ್ಥ ಆಗುತ್ತೆ. ಪಾತ್ರ ಬಾಯಲ್ಲಿ "ಅಮ್ಮಾವನ್" ಅಂತಿದೆ, ನಿಮ್ಮ ಸಬ್‌ಟೈಟಲಲ್ಲಿ "ಚಿಕ್ಕಪ್ಪ". ಅಮ್ಮಾವನ್ ಅಂದ್ರೆ ಸೋದರಮಾವ, ಕನ್ನಡದಲ್ಲೂ ನೇರವಾದ ಪದ ಇದೆ. ಇಂಗ್ಲಿಷಿಗೆ ಹೋಗಿ ಅಂಕಲ್ ಆಗಿ ವಾಪಸ್ ಬಂದಿದೆ ಅಂತ ಎದ್ದು ಕಾಣುತ್ತೆ. ಸಣ್ಣ ತಪ್ಪು ಅನ್ಕೋಬೇಡಿ, ಆ ಮನೆ ತಾಯಿ ಕಡೆಯಿಂದ ಬಂದಿದ್ದು, ಅದಕ್ಕೇ ಮಾವ ಜಗಳ ತೆಗೀತಿರೋದು, ಚಿಕ್ಕಪ್ಪ ಅಂದ್ಬಿಟ್ರೆ ಇಡೀ ಕಥೆಗೆ ತಲೆಬುಡ ಇಲ್ಲ. ಗೆಳೆಯನನ್ನ "ಅಳಿಯಾ" ಅಂತ ಕರೆದ್ರೆ ಕೆಳಗೆ "ಭಾವಮೈದುನ", ಅವರು ನಮ್ಮ ಹುಡುಗರು ಮಗಾ ಅನ್ನೋ ಥರ ಅನ್ನೋದು. ವಕೀಲರು ಸರಿ ಅಂದ್ರೆ, ಅದೂ ಇಂಗ್ಲಿಷಿನ ರೈಟ್ ಆಗಿ, "ಬಲ" ಅಂತ ಬರುತ್ತೆ. ಮೊಮ್ಮಗ ಅಜ್ಜಿಗೆ ಒಂದು ಸಾಲಲ್ಲಿ ನೀವು, ಮುಂದಿನ ಸಾಲಲ್ಲಿ ನೀನು.

ಡಬ್ಬಿಂಗ್ ತಡೆಯೋದು ತಪ್ಪು ಅಂತ ಭಾರತೀಯ ಸ್ಪರ್ಧಾ ಆಯೋಗ 2015ರಲ್ಲಿ ಆದೇಶ ಕೊಡೋವರೆಗೂ ಕನ್ನಡ ಗ್ರಾಹಕರು ಹೋರಾಡಬೇಕಾಯ್ತು. ಈಗ ಡಬ್ ಮಾಡಿರೋದನ್ನೇ ನೀವು ಸರಿಯಾಗಿ ಅಪ್‌ಲೋಡ್ ಮಾಡಲ್ಲ ಅಂದ್ರೆ ಹೊಟ್ಟೆ ಉರಿಯುತ್ತೆ.

ನನಗೆ ಬೇಕಾಗಿರೋದು ಇಷ್ಟೇ: ಮೂರರಿಂದ ಆರನೇ ಎಪಿಸೋಡ್‌ವರೆಗೆ ಕನ್ನಡ ಆಡಿಯೋ ಯಾವ ತಾರೀಕಿಗೆ ಬರುತ್ತೆ, ಟಿವಿ ಆಪಲ್ಲೂ ಬರುತ್ತಾ ಅಂತ ಬರವಣಿಗೆಯಲ್ಲಿ ಹೇಳಿ, ಸಬ್‌ಟೈಟಲನ್ನ ಎರಡೂ ಭಾಷೆ ಬರೋ ಒಬ್ಬರ ಕೈಲಿ ತಿದ್ದಿಸಿ, ಅಲ್ಲಿವರೆಗೆ ಆ ಪೇಜಿಂದ "ಕನ್ನಡ" ಅನ್ನೋದನ್ನ ತೆಗೀರಿ. ಆಗಲ್ಲ ಅಂದ್ರೆ ಪೂರ್ತಿ 1,249 ವಾಪಸ್ ಕೊಡಿ, ಕೂಪನ್ ಬೇಡ. ಆಟೋ ರಿನ್ಯೂವಲ್ ನಾನಾಗಲೇ ಆಫ್ ಮಾಡಿದೀನಿ. ದೂರಿಗೆ 15 ದಿನದಲ್ಲಿ ಉತ್ತರ ಅಂತ ನೀವೇ ವೆಬ್‌ಸೈಟಲ್ಲಿ ಬರೆದಿದ್ದೀರ, ಅದು ದಾಟಿದ್ರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡ್ತೀನಿ. ಪೇಜಿನ ಸ್ಕ್ರೀನ್‌ಶಾಟ್, ಆಡಿಯೋ ಲಿಸ್ಟಿನ ಸ್ಕ್ರೀನ್‌ಶಾಟ್, ಐದನೇ ಎಪಿಸೋಡಿನ ತೆಲುಗು "ಕನ್ನಡ"ದ ಅರ್ಧ ನಿಮಿಷದ ವಿಡಿಯೋ ಜೊತೆಗಿಟ್ಟಿದೀನಿ.

ಉತ್ತರ ಕನ್ನಡದಲ್ಲೇ ಬರಲಿ, ಆದ್ರೆ ಆ ಸಬ್‌ಟೈಟಲ್ ಮಾಡಿದವರ ಕೈಲಿ ಮಾತ್ರ ಬರೆಸಬೇಡಿ.

ಇಂತಿ,
ಅಶ್ವಿನಿ
ಹಾಸನ